ಐದನೆಯ ರುಚಿ ಮತ್ತು ಒಂದು ಪಾತ್ರೆ ದಾಶಿ

ಎಲ್ಲರಿಗೂ ನಮಸ್ಕಾರ. ‘ಉಮಾಮಿ ಅಂದರೆ ಟೇಸ್ಟಿಂಗ್ ಪೌಡರ್ ತಾನೆ?’ ಎಂದು ಆಗಲೇ ಯಾರೋ ಕೇಳಿದರು. ಗೋಬಿ ಮಂಚೂರಿ ತಳ್ಳುಗಾಡಿಗೂ ಇದಕ್ಕೂ ನೆಂಟಸ್ತನ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಉಮಾಮಿ ಅಂದರೆ ಐದನೆಯ ರುಚಿ, ಅದರ ಕತೆ ಶುರುವಾಗುವುದು ದಾಶಿಯಿಂದ. ದಾಶಿ ಅಂದರೆ ಜಪಾನಿನ ಅಡುಗೆಗೆ ಬುನಾದಿಯಾದ ತಿಳಿಸಾರು.

ಟೋಕಿಯೋದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಈ ಸಾರಿನ ಹಿಂದೆ ಬಿದ್ದರು. ಇದು ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯಲ್ಲ. ಹಾಗಾದರೆ ಏನು? ದಾಶಿಗೆ ಹಾಕುವ ಕೊಂಬು ಎಂಬ ಕಡಲಪಾಚಿಯನ್ನು ಕೆಜಿಗಟ್ಟಲೆ ತಂದು ರಸ ತೆಗೆದರು. ಮೊದಲು ಮ್ಯಾನಿಟಾಲ್ ಹರಳುಗಟ್ಟಿತು. ಒಣಗಿದ ಕೊಂಬುವಿನ ಮೇಲೆ ಬಿಳಿ ಪುಡಿ ಕಾಣುತ್ತದಲ್ಲ, ಅದೇ. ಅದನ್ನು ತೆಗೆದರು, ಉಪ್ಪನ್ನೂ ತೆಗೆದರು. ರುಚಿ ಮಾತ್ರ ಉಳಿದ ರಸದಲ್ಲೇ ಇತ್ತು! 1908ರಲ್ಲಿ ಕೊನೆಗೂ ಗ್ಲುಟಾಮಿಕ್ ಆಮ್ಲ ಸಿಕ್ಕಿತು. ಅದು ಹೊಸ ವಸ್ತುವೇನಲ್ಲ. ಜರ್ಮನಿಯಲ್ಲಿ 1866ರಲ್ಲೇ ಗೋಧಿಯಿಂದ ತೆಗೆದಿದ್ದರು. ಆದರೆ ಆಮ್ಲವಾಗಿ ನೆಕ್ಕಿದರೆ ಹುಳಿ. ಹುಳಿಯನ್ನು ಕ್ಷಾರ ಹಾಕಿ ತಟಸ್ಥ ಮಾಡಿದಾಗ ಅದು ಗ್ಲುಟಮೇಟ್ ಆಯಿತು, ದಾಶಿಯ ರುಚಿ ಎದ್ದು ಬಂತು.

ನನ್ನ ವಾದ ಇಷ್ಟೇ: ಉಳಿದ ನಾಲ್ಕನ್ನು ಹೇಗೆ ಬೆರೆಸಿದರೂ ಇದು ಬರುವುದಿಲ್ಲ. ಸಕ್ಕರೆಗೆ ನಿಂಬೆ ಹಿಂಡಿದರೆ ಸಿಹಿಯೂ ಹುಳಿಯೂ ಬೇರೆಬೇರೆಯಾಗಿ ತಿಳಿಯುತ್ತವೆ, ಮೂರನೆಯದು ಹುಟ್ಟಲ್ಲ, ಅಲ್ವಾ?

ಆದರೂ ಹೊರದೇಶದ ಬಹಳ ವಿಜ್ಞಾನಿಗಳು ದಶಕಗಳ ಕಾಲ ಒಪ್ಪಲಿಲ್ಲ. ‘ಅದು ಸುಮ್ನೆ ಬೇರೆ ರುಚಿಗಳನ್ನು ಎತ್ತಿ ಕೊಡುತ್ತೆ’ ಎಂದರು. 2000ದ ಆಸುಪಾಸಿನಲ್ಲಿ ನಾಲಿಗೆಯಲ್ಲೇ ಗ್ಲುಟಮೇಟನ್ನು ಹಿಡಿದು ರುಚಿ ತಿಳಿಸುವ ಪ್ರೋಟೀನುಗಳು, ಅಂದರೆ ಗ್ರಾಹಕಗಳು, ಸಿಕ್ಕವು. ಮುಖ್ಯವಾದದ್ದು T1R1 ಮತ್ತು T1R3 ಜೋಡಿ. ಬೆರಕೆಯ ರುಚಿಗೆ ಸ್ವಂತ ಗ್ರಾಹಕ ಯಾಕಿರುತ್ತದೆ ಹೇಳಿ!

ಈಗ ಪಾತ್ರೆಗೆ ಬರೋಣ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು. ಬಿಳಿ ಪುಡಿ ತೊಳೆಯಬೇಡಿ, ಒರೆಸಿದರೆ ಸಾಕು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ. ತಳದಲ್ಲಿ ಸಣ್ಣ ಗುಳ್ಳೆ ಎದ್ದ ಕೂಡಲೇ ಕೊಂಬು ತೆಗೆಯಿರಿ. ಕುದಿಸಿದಿರೋ, ಲೋಳೆ ಬಿಡುತ್ತದೆ, ಪಾಚಿ ವಾಸನೆ ಹೊಡೆಯುತ್ತದೆ. ಆಮೇಲೆ ನೀರು ಕುದಿ ಬಂದಾಗ ಉರಿ ಆರಿಸಿ, 20 ಗ್ರಾಂ ಕತ್ಸುಒಬುಶಿ ಹಾಕಿ. ಅದು ಹೊಗೆ ಹಾಕಿ ಒಣಗಿಸಿ ತೆಳ್ಳಗೆ ತುರಿದ ಬೊನಿಟೊ ಮೀನು. ಒಂದೆರಡು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಆಸೆಪಟ್ಟು ಹಿಂಡಬೇಡಿ, ಸಾರು ಕಲಕಾಗಿ ಮೀನಿನ ಒಗರು ಇಳಿಯುತ್ತದೆ.

ಎರಡೂ ಯಾಕೆ ಬೇಕು? ಮೀನಿನಲ್ಲಿ ಇನೋಸಿನೇಟ್ ಎಂಬ ಇನ್ನೊಂದು ರುಚಿವಸ್ತು ಇದೆ. 1913ರಲ್ಲಿ ಇಕೆಡಾರ ಶಿಷ್ಯ ಶಿಂತಾರೊ ಕೊಡಾಮಾ ಕಂಡುಹಿಡಿದದ್ದು. ಗ್ಲುಟಮೇಟ್ ಬಂದು ಗ್ರಾಹಕದ ಬಾಗಿಲು ಮುಚ್ಚುತ್ತದೆ ಎಂದುಕೊಳ್ಳಿ, ಇನೋಸಿನೇಟ್ ಚಿಲಕ ಹಾಕುತ್ತದೆ. ಬಾಗಿಲು ಬೇಗ ತೆರೆಯುವುದಿಲ್ಲ, ಹಾಗಾಗಿ ರುಚಿ ಎರಡರ ಮೊತ್ತಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮತ್ತೆ ಅದೇ ಮಾತು, ಇದು ನಾಲ್ಕರ ಬೆರಕೆಯಲ್ಲ!

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಟೇಸ್ಟಿಂಗ್ ಪೌಡರ್ ಭಾಗ ಬಿಟ್ಟೆ. ಸಸ್ಯಾಹಾರಿಗಳಿಗೆ ಒಂದೇ ಮಾತು: ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿಲ್ಲ. ಕೊಂಬು ಜೊತೆಗೆ ಒಣ ಶಿಟಾಕೆ ಅಣಬೆ. ಅದರ ಗ್ವಾನಿಲೇಟ್ ಕೂಡ ಚಿಲಕದ ಕೆಲಸವನ್ನೇ ಮಾಡುತ್ತದೆ. ರಾತ್ರಿಯಿಡೀ ಫ್ರಿಜ್ಜಿನ ತಣ್ಣೀರಲ್ಲಿ ನೆನೆಸಿ ಆಮೇಲೆ ಕಾಯಿಸಿ. ಗ್ವಾನಿಲೇಟ್ ಜಾಸ್ತಿ ಹುಟ್ಟುವುದು ಕಾಯಿಸುವಾಗಲೇ. ಪ್ರಶ್ನೆಗಳಿದ್ದರೆ ಕಾಫಿ ಹೊತ್ತಿನಲ್ಲಿ ಕೇಳಿ.