ಮ್ಯಾನೇಜರ್ ಆಗಿದ್ದವಳು ಒಂದು ಮೆಟ್ಟಿಲು ಕೆಳಗಿನ ಕೆಲಸ ಕೇಳಿದಾಗ

ಈಗ ನನ್ನ ಎದುರಿನ ಪರದೆಯ ಮೇಲೆ ಕಾಣುತ್ತಿರುವುದು ನನ್ನ ರೆಸ್ಯೂಮೆ. ಸದ್ಯದ ಹುದ್ದೆ ಎಂಜಿನಿಯರಿಂಗ್ ಮ್ಯಾನೇಜರ್, ಅರ್ಜಿ ಹಾಕಿರುವುದು ಸೀನಿಯರ್ ಎಂಜಿನಿಯರ್ ಕೆಲಸಕ್ಕೆ. ಬೆಂಗಳೂರಿನ ಹಲವು ಸಾಫ್ಟ್‌ವೇರ್ ಕಂಪನಿಗಳಲ್ಲಿ ಮ್ಯಾನೇಜರ್‌ಗೆ ಸರಿಸಮನಾದ ತಾಂತ್ರಿಕ ಹುದ್ದೆ ಎಂದರೆ ಸ್ಟಾಫ್ ಎಂಜಿನಿಯರ್. ಸೀನಿಯರ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಇದು ಇಳಿಯುವುದೇ, ಬೇರೆ ಹೆಸರಿಟ್ಟು ಮರೆಸುವುದು ಬೇಡ. ‘ಯಾಕಮ್ಮಾ ಹೀಗೆ?’ ಎಂದು ಮನೆಯಲ್ಲಿ ಅಮ್ಮ ಕೇಳಿದ್ದನ್ನೇ ಸಂದರ್ಶಕರೂ ಕೇಳುತ್ತಾರೆ. ಅಮ್ಮನಿಗಾದರೆ ಉತ್ತರ ಕೊಡದೆ ಊಟಕ್ಕೆ ಕೂತುಬಿಡಬಹುದು.

ನಾನೂ ಮ್ಯಾನೇಜರ್ ಆಗಿ ಜನರನ್ನು ಆರಿಸಿದವಳು, ಆ ಪ್ರಶ್ನೆಯ ಹಿಂದೆ ಏನಿರುತ್ತದೆ ಎಂಬುದು ಗೊತ್ತು. ಇವರನ್ನು ಹಳೆಯ ಕಂಪನಿ ಬದಿಗೆ ಸರಿಸಿತೇ? ಆರು ತಿಂಗಳಲ್ಲಿ ಮತ್ತೆ ಮ್ಯಾನೇಜರ್ ಕೆಲಸ ಸಿಕ್ಕಿದರೆ ಹೊರಟುಬಿಡುತ್ತಾರೆಯೇ? ತಮಗಿಂತ ಚಿಕ್ಕವರ ಮಾತು ಕೇಳುತ್ತಾರೆಯೇ? ಕಾರಣ ಎಷ್ಟೇ ಚೆನ್ನಾಗಿದ್ದರೂ ಈ ಮೂರು ಅನುಮಾನ ಹಾಗೆಯೇ ಉಳಿದರೆ ಮುಂದಿನ ಕರೆ ಬರುವುದಿಲ್ಲ.

ಬಹಳ ಜನ ಹೇಳುವ ಕಾರಣ ‘ಒತ್ತಡ ಕಡಿಮೆ ಬೇಕು’ ಎಂಬುದು. ಅದು ನಿಜವೇ ಇರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಎದ್ದು ಕೂರಬೇಕಾದವರು ಎಂಜಿನಿಯರುಗಳೇ. ಕೇಳುವವರ ಕಿವಿಗೆ ಅದು ‘ಕೆಲಸ ಕಡಿಮೆ ಬೇಕು’ ಎಂದು ಬೀಳುತ್ತದೆ. ‘ಮೀಟಿಂಗ್‌ಗಳು ಸಾಕಾಗಿವೆ’ ಎಂದರೆ ಇನ್ನೂ ಕಷ್ಟ, ಅದು ಬರೀ ದೂರು. ಬಿಟ್ಟುಬರುವ ಕೆಲಸದ ಬಗ್ಗೆ ಒಂದು ವಾಕ್ಯ ಸಾಕು, ಮಿಕ್ಕಿದ್ದೆಲ್ಲ ಹೋಗಿ ಸೇರುವ ಕೆಲಸದ ಬಗ್ಗೆ ಇರಲಿ.

ನಾನು ಹೇಳಿದ್ದು ಹೀಗೆ: ‘ಹಣ ಪಾವತಿಯ ವ್ಯವಸ್ಥೆ ಕಟ್ಟುವ ತಂಡವನ್ನು ನಡೆಸುತ್ತಿದ್ದೇನೆ. ಒಂದೇ ಪಾವತಿ ಎರಡು ಸಲ ದಾಖಲಾಗುತ್ತಿದ್ದ ತೊಂದರೆಯನ್ನು ಕಳೆದ ವರ್ಷ ನಾನೇ ಕೂತು ಹುಡುಕಿ, ಸರಿಪಡಿಸುವ ಕೋಡ್ ಬರೆದೆ. ಜನರನ್ನು ನಡೆಸುವುದಕ್ಕಿಂತ ಆ ಕೆಲಸದಲ್ಲೇ ಮುಂದುವರಿಯಬೇಕು ಎಂದು ತೀರ್ಮಾನಿಸಿದ್ದೇನೆ. ನೀವು ಕರೆದಿರುವುದು ಅದೇ ಬಗೆಯ ಕೆಲಸಕ್ಕೆ. ಹುದ್ದೆಯ ಹೆಸರು ಮತ್ತು ಸಂಬಳ ಎರಡೂ ಇಳಿಯುತ್ತವೆ ಎಂಬುದನ್ನು ಲೆಕ್ಕ ಹಾಕಿಯೇ ಬಂದಿದ್ದೇನೆ.’

ಇದರಲ್ಲಿ ಭಾರ ಹೊರುವುದು ಎರಡನೆಯ ವಾಕ್ಯ. ಆಸೆಯನ್ನು ಯಾರು ಬೇಕಾದರೂ ಹೇಳಬಹುದು, ಆದರೆ ಮಾಡಿದ ಕೆಲಸವನ್ನು ಕೆದಕಿ ಪರೀಕ್ಷಿಸಬಹುದು. ಅವರು ಕೆದಕಿಯೇ ಕೆದಕಿದರು. ಮ್ಯಾನೇಜರುಗಳು ಎಡವುವ ಜಾಗವೂ ಇದೇ. ‘ನಮ್ಮ ತಂಡ ಮಾಡಿತು’ ಎನ್ನುವ ರೂಢಿ ನಾಲಿಗೆಗೆ ಅಂಟಿರುತ್ತದೆ. ‘ಅದರಲ್ಲಿ ನೀವು ಮಾಡಿದ್ದೇನು?’ ಎಂಬ ಪ್ರಶ್ನೆ ಮತ್ತೆ ಮತ್ತೆ ಬಂದರೆ ಅನುಮಾನ ಶುರುವಾಗಿದೆ ಎಂದೇ ತಿಳಿಯಿರಿ. ಇಂಥ ಇತ್ತೀಚಿನ ಕೆಲಸ ನಿಮ್ಮಲ್ಲಿ ಇಲ್ಲದಿದ್ದರೆ, ಈಗಿರುವ ಕೆಲಸದಲ್ಲೇ ಒಂದನ್ನು ಕೈಯಾರೆ ಮಾಡಿ ಮುಗಿಸಿ, ಆಮೇಲೆ ಅರ್ಜಿ ಹಾಕಿ.

ರೆಸ್ಯೂಮೆಯಲ್ಲಿ ಹುದ್ದೆಯ ಹೆಸರನ್ನು ತಗ್ಗಿಸಿ ಬರೆಯಬೇಡಿ. ಹಿನ್ನೆಲೆ ಪರಿಶೀಲನೆ ನಡೆಸುವವರು ಅದನ್ನು ಹಳೆಯ ಕಂಪನಿಯ ಅನುಭವ ಪತ್ರದ ಜೊತೆ ಹೋಲಿಸುತ್ತಾರೆ, ಹೊಂದದಿದ್ದರೆ ಕೊಟ್ಟ ಆಫರ್ ಕೂಡ ಹಿಂದಕ್ಕೆ ಹೋಗಬಹುದು. ಹೆಸರು ಹಾಗೆಯೇ ಇರಲಿ. ಅದರ ಕೆಳಗೆ ಕೋಡ್ ಮತ್ತು ವಿನ್ಯಾಸದ ಕೆಲಸ ಮೊದಲು ಬರಲಿ, ಎಷ್ಟು ಜನರನ್ನು ನಡೆಸಿದಿರಿ ಎಂಬುದು ಕೊನೆಗೆ.

ಸಂಬಳದ ಮಾತನ್ನು ಎಚ್.ಆರ್. ಅವರ ಮೊದಲ ಫೋನ್ ಕರೆಯಲ್ಲೇ ಎತ್ತಿ. ಆ ಹುದ್ದೆಗೆ ಇಟ್ಟಿರುವ ಮಿತಿ ಎಷ್ಟು ಎಂದು ಕೇಳಿ, ಅದು ಒಪ್ಪಿಗೆಯೋ ಇಲ್ಲವೋ ಆಗಲೇ ಹೇಳಿ. ಗೃಹಸಾಲದ ಕಂತಿನ ಲೆಕ್ಕ ಅದಕ್ಕೂ ಮೊದಲೇ ಮುಗಿದಿರಬೇಕು. ಸುಮ್ಮನಿದ್ದರೆ ‘ಇವರಿಗೆ ಕೊಡಲು ನಮ್ಮಿಂದಾಗದು’ ಎಂದು ಅವರೇ ಊಹಿಸಿ ಬಿಟ್ಟುಬಿಡುತ್ತಾರೆ.

ಮಧ್ಯೆ ಒಂದು ನಯವಾದ ಪರೀಕ್ಷೆಯೂ ಬರುತ್ತದೆ. ‘ನಮ್ಮಲ್ಲಿ ಲೀಡ್ ಹುದ್ದೆಯೂ ಖಾಲಿ ಇದೆ, ಅದಕ್ಕೇ ಪರಿಗಣಿಸಲೇ?’ ಎಂದು ನನ್ನನ್ನು ಕೇಳಿದರು. ಕಣ್ಣರಳಿಸಿ ಹೂಂ ಎಂದಿದ್ದರೆ ಅಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು. ‘ಆ ಹುದ್ದೆಯಲ್ಲಿ ದಿನದ ಎಷ್ಟು ಹೊತ್ತು ಕೋಡ್ ಬರೆಯುವುದಿರುತ್ತದೆ?’ ಎಂದು ತಿರುಗಿ ಕೇಳಿದೆ. ಬಹಳ ಕಡಿಮೆ ಎಂದರು. ‘ಹಾಗಾದರೆ ಬೇಡ’ ಎಂದೆ.

ಕೆಲಸ ಕಡಿತದಲ್ಲಿ ಹುದ್ದೆ ಹೋದವರಿಗೆ ಈ ಉತ್ತರ ಹೊಂದುವುದಿಲ್ಲ. ಅವರು ಕಡಿತದ ಸಂಗತಿಯನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುವುದು ಒಳ್ಳೆಯದು, ಕಾರಣ ಆಮೇಲೆ ಬರಲಿ. ಆಫರ್ ಪತ್ರ ಬಂದಾಗ ಎಲ್ಲರೂ ನೋಡಬೇಕಾದದ್ದು ಒಂದಿದೆ. ಮುಂದಿನ ಸಂಬಳ ಪರಿಷ್ಕರಣೆಗೆ ಯಾವ ತಿಂಗಳೊಳಗೆ ಸೇರಿರಬೇಕು ಎಂದು ಕೇಳಿಕೊಳ್ಳಿ. 90 ದಿನಗಳ ನೋಟಿಸ್ ಅವಧಿ ಮುಗಿಸಿ ಸೇರುವಷ್ಟರಲ್ಲಿ ಆ ಗಡುವು ದಾಟಿದರೆ, ಇಳಿದ ಸಂಬಳದಲ್ಲೇ ಮತ್ತೊಂದು ವರ್ಷ ಕಳೆಯಬೇಕಾಗುತ್ತದೆ.