ಚಿತ್ರದ ಕೆಳಗಿನ ಸಾಲುಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ನಮ್ಮದೊಂದು ಸಣ್ಣ ಆಪ್ತಸಮಾಲೋಚನೆ ಕೇಂದ್ರ. ಮೊನ್ನೆ ವಾಟ್ಸಾಪಿನಲ್ಲಿ ಹಂಚಲು ಒಂದು ಚಿತ್ರ ಮಾಡಿಸಬೇಕಾಗಿತ್ತು. ಕೆಳಗೆ ಏನು ಬರೆಯಬೇಕೆಂದು ನಾನು ಹೇಳುವಷ್ಟರಲ್ಲಿ ಡಿಟಿಪಿ ಅಂಗಡಿಯ ಹುಡುಗ ಟೈಪ್ ಮಾಡಿಯೇ ಬಿಟ್ಟಿದ್ದ: "ನಿದ್ದೆ ಬರುತ್ತಿಲ್ಲವೇ? ನಿಮಗೆ ಖಿನ್ನತೆ ಇದೆ! ಮೂರೇ ಭೇಟಿಯಲ್ಲಿ ಶಾಶ್ವತ ಪರಿಹಾರ. ನೂರಕ್ಕೆ ನೂರು ಗೋಪ್ಯ." ಮೂಲವ್ಯಾಧಿಯ ಕರಪತ್ರ ಮಾಡಿ ಮಾಡಿ ಅವನ ಕೈಗೆ ಅದೇ ರೂಢಿ, ಪಾಪ.

ನಿದ್ದೆಯ ಮಾತನ್ನೇ ನೋಡಿ. ನಮ್ಮ ಕಡೆ ಎಷ್ಟೋ ಸಲ ತ್ರೀಫೇಸ್ ಕರೆಂಟ್ ಬರುವುದೇ ರಾತ್ರಿ ಹೊತ್ತು. ಟೊಮೆಟೊಗೆ ನೀರು ಕಟ್ಟಲು ಎದ್ದವನಿಗೂ ನಿದ್ದೆಯಿಲ್ಲ, ಮಂಡಿಯಲ್ಲಿ ಬಾಕ್ಸಿಗೆ ಕೊಯ್ಲಿನ ಕೂಲಿಯೂ ಹುಟ್ಟದೆ ಬಂದವನಿಗೂ ನಿದ್ದೆಯಿಲ್ಲ. ಇಬ್ಬರಿಗೂ ಕಾಯಿಲೆಯ ಹೆಸರು ಕಟ್ಟಲು ಒಂದು ಚಿತ್ರಕ್ಕೆ ಏನು ಹಕ್ಕು? ಅದನ್ನು ಹೇಳಬೇಕಾದವರು ಎದುರಿಗೆ ಕೂರಿಸಿಕೊಂಡು ವಿಚಾರಿಸುವ ಮನೋವೈದ್ಯರು. ಹಾಗಾಗಿ ಆ ಸಾಲು "ನಿದ್ದೆ ಕೆಟ್ಟಿದೆಯೇ? ಮನಸ್ಸಿನ ಮೇಲೆ ಭಾರವಿದೆಯೇ? ಬನ್ನಿ, ಕೂತು ಮಾತಾಡೋಣ" ಎಂದಾಯಿತು. ಮೂರು ಭೇಟಿಯ ಮಾತನ್ನು ಅಳಿಸಿಯೇಬಿಟ್ಟೆ.

ಕಷ್ಟವಾದದ್ದು ಗೋಪ್ಯದ ಸಾಲು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೇ ಕಲಂ ಚಿಕಿತ್ಸೆಗೆ ಬಂದವರಿಗೆ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಆದರೆ ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಬಾಯಿ ಬಿಡಬಹುದು ಎಂದೂ ಅದೇ ಕಲಂ ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ತಿಳಿಸಲೇಬೇಕು. ಹೀಗಿರುವಾಗ ನೂರಕ್ಕೆ ನೂರು ಎಂದು ಬರೆದರೆ ಮೊದಲ ಪರಿಚಯದಲ್ಲೇ ಸುಳ್ಳು ಹೇಳಿದ ಹಾಗೆ.

ಇನ್ನು, ಇಲ್ಲಿ ಬರುವವರು ಕೇಳುವುದು ಕಲಮನ್ನಲ್ಲ. "ನಮ್ಮ ಅತ್ತೆಗೆ ಗೊತ್ತಾಗುತ್ತಾ ಮೇಡಂ? ಮನೆಗೆ ಫೋನ್ ಮಾಡ್ತೀರಾ?" ಅನ್ನುತ್ತಾರೆ. ಒಮ್ಮೆ ನಮ್ಮವರೇ ಒಬ್ಬ ಹೆಣ್ಣುಮಗಳಿಗೆ ಫೋನ್ ಮಾಡಿದಾಗ ಎತ್ತಿದವರು ಮೈದುನ. ನಮ್ಮವರು ಕೇಂದ್ರದ ಹೆಸರು ಹೇಳಿಬಿಟ್ಟರು. ಆಕೆ ಮತ್ತೆ ಬರಲಿಲ್ಲ. ಅಂದಿನಿಂದ ಮೊದಲ ಭೇಟಿಯಲ್ಲೇ ಕೇಳುತ್ತೇವೆ: ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಮಾಡಲಿ, ಬೇರೆಯವರು ಎತ್ತಿದರೆ ಏನಂತ ಹೇಳಲಿ?

ಕೊನೆಗೆ ಉಳಿದ ಸಾಲು ಹೀಗಿದೆ: "ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಮನೆಯವರಿಗೂ ಹೇಳುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ, ಇಲ್ಲವೇ ಕಾನೂನು ಕೇಳಿದರೆ ಮಾತ್ರ ಹೇಳಬೇಕಾಗುತ್ತದೆ. ಆಗಲೂ ಆದಷ್ಟು ಮೊದಲು ನಿಮಗೆ ತಿಳಿಸುತ್ತೇವೆ." ಅದರ ಕೆಳಗೆ, ನಮ್ಮ ಬಾಗಿಲು ಮುಚ್ಚಿರುವ ಹೊತ್ತಿಗೆಂದು, ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.

ಚಿತ್ರಕ್ಕೆ ಅಳುವ ಹುಡುಗಿಯ ಫೋಟೊ ಬೇಡವೆಂದೆ. ಎರಡು ಕುರ್ಚಿ, ಎರಡು ಲೋಟ ಕಾಫಿ ಸಾಕು. ಹುಡುಗ ಎಲ್ಲ ಮುಗಿಸಿ ಕೇಳಿದ: "ಬೋರ್ಡು ಬಸ್ ಸ್ಟ್ಯಾಂಡ್ ಕಡೆಗೇ ಇದೆಯಲ್ಲ ಮೇಡಂ, ಹತ್ತಿ ಬರೋರು ಎಲ್ಲರಿಗೂ ಕಾಣ್ತಾರಲ್ಲ?" ಬೋರ್ಡನ್ನು ಆ ವಾರವೇ ಬಿಚ್ಚಿಸಿದೆವು. ಈಗ ಅದು ಮಹಡಿಯ ಮೆಟ್ಟಿಲು ತಿರುಗುವ ಕಡೆ, ಒಳಗಿನ ಗೋಡೆಯ ಮೇಲಿದೆ.