ಮೊಮ್ಮಕ್ಕಳು ಅಜ್ಜಂದಿರಿಗಿಂತ ಎತ್ತರವಾದದ್ದು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಈಗ ಮಾತನಾಡಲಿರುವ ವಿಷಯಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ‘ಸೆಕ್ಯುಲರ್ ಟ್ರೆಂಡ್’. ಹಿಂದೊಮ್ಮೆ ಇದರ ಬಗ್ಗೆ ನಾನು ಬರೆದ ಲೇಖನವನ್ನು ಅಚ್ಚಿಗೆ ಸಿದ್ಧಪಡಿಸಿದವರು ಈ ಹೆಸರನ್ನು ‘ಜಾತ್ಯತೀತ ಪ್ರವೃತ್ತಿ’ ಎಂದು ತಿದ್ದಿಬಿಟ್ಟಿದ್ದರು. ಮನುಷ್ಯನ ಎತ್ತರಕ್ಕೂ ಜಾತ್ಯತೀತತೆಗೂ ಎಲ್ಲಿಯ ಸಂಬಂಧ ಎಂದು ಕೇಳಿದವರಿಗೆ ಉತ್ತರಿಸಿ ನಾನು ದಣಿದಿದ್ದೇನೆ. ಇಲ್ಲಿ ‘ಸೆಕ್ಯುಲರ್’ ಎಂಬುದು ತಲೆಮಾರು ಅಥವಾ ಕಾಲಮಾನ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದಿದೆ. ತಲೆಮಾರಿನಿಂದ ತಲೆಮಾರಿಗೆ ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ಸಾಗುವ ಬದಲಾವಣೆ ಎಂದಷ್ಟೇ ಅದರ ಅರ್ಥ.

ಆ ಬದಲಾವಣೆ ಎಷ್ಟು ದೊಡ್ಡದು ಎಂಬುದಕ್ಕೆ ನೆದರ್‌ಲ್ಯಾಂಡ್ಸ್ ದೇಶವನ್ನೇ ನೋಡೋಣ. ಅಲ್ಲಿ ಕಡ್ಡಾಯ ಸೈನ್ಯಸೇವೆಗೆ ಕರೆಬಂದ ತರುಣರ ಎತ್ತರವನ್ನು ಅಳೆದು ಬರೆದಿಡುತ್ತಿದ್ದರು. 19ನೆಯ ಶತಮಾನದ ನಡುಭಾಗದ ಆ ದಾಖಲೆಗಳಲ್ಲಿ ಡಚ್ ತರುಣನ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್. ಆಗ ಡಚ್ಚರು ಕುಳ್ಳರೆಂದೇ ಎನಿಸಿಕೊಳ್ಳಬೇಕಾದವರು. ಅಮೆರಿಕದ ಗಂಡಸರು ಅವರಿಗಿಂತ ಎತ್ತರವಾಗಿದ್ದರು. ಆದರೆ 1980ರಲ್ಲಿ ಹುಟ್ಟಿದ ಡಚ್ ಗಂಡಸರ ಸರಾಸರಿ 183.9 ಸೆಂಟಿಮೀಟರ್. ವ್ಯತ್ಯಾಸ ಹತ್ತೊಂಬತ್ತು ಸೆಂಟಿಮೀಟರಿನಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಗೇಣು. ಇಂದು ಅವರು ಜಗತ್ತಿನಲ್ಲೇ ಅತಿ ಎತ್ತರದ ಜನರ ಸಾಲಿನಲ್ಲಿದ್ದಾರೆ.

ಇದನ್ನು ಹೇಳಿದ ಕೂಡಲೇ, ‘ಎತ್ತರ ವಂಶದಿಂದ ಬರುತ್ತದೆಯಲ್ಲವೇ?’ ಎಂಬ ಪ್ರಶ್ನೆ ಬರುತ್ತದೆ. ಬರುತ್ತದೆ, ನಿಜ. ಆದರೆ ಐದಾರು ತಲೆಮಾರುಗಳಲ್ಲಿ ಒಂದು ಇಡೀ ಜನಾಂಗದ ವಂಶವಾಹಿಗಳು ಒಂದು ಗೇಣಿನಷ್ಟು ಬದಲಾಗುವುದಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಾರಲ್ಲ, ಆ ಸಾಲಿನಲ್ಲಿ ಯಾರ ಮುಂದೆ ಯಾರು ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ವಂಶವಾಹಿಗಳು ತೀರ್ಮಾನಿಸುತ್ತವೆ. ಆದರೆ ಆ ಇಡೀ ಸಾಲಿನ ಸರಾಸರಿ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಆ ಮಕ್ಕಳು ಹಸುಗೂಸುಗಳಾಗಿದ್ದಾಗ ಏನು ತಿಂದರು, ಎಷ್ಟು ಸಲ ಕಾಯಿಲೆ ಬಿದ್ದರು ಎಂಬುದು. ಈ ಮಾತನ್ನು ನಾನು ಇಂದು ಮತ್ತೆ ಮತ್ತೆ ಹೇಳಲಿದ್ದೇನೆ, ಬೇಸರಿಸಬೇಡಿ: ಇಡೀ ಸಾಲಿನ ಎತ್ತರ ನಿಂತಿರುವುದು ಗರ್ಭದ ದಿನಗಳ ಮೇಲೆ ಮತ್ತು ಹುಟ್ಟಿದ ಮೇಲಿನ ಮೊದಲ ಎರಡು ವರ್ಷಗಳ ಮೇಲೆ.

ಏಕೆ ಆ ಎರಡು ವರ್ಷಗಳು? ಹುಟ್ಟುವಾಗ ಮಗು ಸುಮಾರು 50 ಸೆಂಟಿಮೀಟರ್ ಉದ್ದವಿರುತ್ತದೆ. ಮೊದಲ ವರ್ಷದಲ್ಲಿ ಅದು ಇನ್ನೂ 25 ಸೆಂಟಿಮೀಟರ್ ಬೆಳೆಯುತ್ತದೆ, ಎರಡನೆಯ ವರ್ಷದಲ್ಲಿ ಸುಮಾರು 12. ಪ್ರೌಢಾವಸ್ಥೆಗೆ ಬರುವ ಹುಡುಗ ದಿಢೀರನೆ ಬೆಳೆದನೆಂದು ನಾವು ಬೆರಗಾಗುತ್ತೇವೆ. ಆದರೆ ಆತ ತನ್ನ ಅತ್ಯಂತ ವೇಗದ ವರ್ಷದಲ್ಲಿ ಬೆಳೆಯುವುದು ಒಂಬತ್ತು ಹತ್ತು ಸೆಂಟಿಮೀಟರ್ ಮಾತ್ರ. ಹಸುಗೂಸಿನ ವೇಗಕ್ಕೆ ಅದು ಯಾವ ಲೆಕ್ಕ! ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕೂಸು ಕುಡಿದ ಹಾಲಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗದಷ್ಟು ಬರಿಯ ಬೆಳವಣಿಗೆಗೇ ಹೋಗುತ್ತದೆ.

ಈಗ ಆ ಕೂಸಿಗೆ ಭೇದಿ ಹತ್ತಿತು ಎಂದುಕೊಳ್ಳಿ. ಅದಕ್ಕೆ ಹಸಿವು ಸತ್ತುಹೋಗುತ್ತದೆ. ಕುಡಿದದ್ದು ಕರುಳಿನಲ್ಲಿ ನಿಲ್ಲುವುದಿಲ್ಲ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಸುಮ್ಮನೆ ಮಲಗಿರಲು ಬೇಕಾದ ಶಕ್ತಿಯೇ ಶೇಕಡಾ ಹತ್ತಕ್ಕೂ ಮಿಗಿಲಾಗಿ ಹೆಚ್ಚುತ್ತದೆ. ಬರುವುದು ಕಡಿಮೆಯಾಯಿತು, ಖರ್ಚು ಹೆಚ್ಚಾಯಿತು. ಹೃದಯದ ಬಡಿತವನ್ನು, ಮೆದುಳಿನ ಕೆಲಸವನ್ನು ಮುಂದೂಡಲು ಬರುವುದಿಲ್ಲ. ಹಾಗಾಗಿ ದೇಹ ಮೂಳೆಯ ಬೆಳವಣಿಗೆಯನ್ನು ಮುಂದೂಡುತ್ತದೆ. ಉದ್ದ ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಬೆಳವಣಿಗೆಯ ಪದರ ಕೆಲಸ ನಿಲ್ಲಿಸಿ ಕಾಯುತ್ತದೆ. ಕಾಯಿಲೆ ಒಂದೇ ಸಲ ಬಂದು ಹೋದರೆ ಮಗು ಆಮೇಲೆ ವೇಗವಾಗಿ ಬೆಳೆದು ಬಾಕಿ ತೀರಿಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬಂದರೆ ಬಾಕಿ ತೀರುವ ಮೊದಲೇ ಹೊಸ ಸಾಲ ಏರುತ್ತದೆ. ಹೀಗೆ ಎರಡು ವರ್ಷ ಕಳೆದ ಮಗುವಿನ ಕೊರತೆ ಬಹುಪಾಲು ಜೀವನಪೂರ್ತಿ ಉಳಿದುಬಿಡುತ್ತದೆ. ಹದಿನಾರರ ಹುಡುಗನಿಗೆ ಎತ್ತರ ಹೆಚ್ಚಿಸುವ ಟಾನಿಕ್ ಯಾವುದೆಂದು ನನ್ನನ್ನು ಕೇಳುವ ತಂದೆತಾಯಿಗಳಿಗೆ ನಾನು ಏನು ಹೇಳಲಿ? ಅವರು ಹದಿನಾಲ್ಕು ವರ್ಷ ತಡವಾಗಿ ಬಂದಿರುತ್ತಾರೆ.

ಇದೆಲ್ಲ ಊಹೆಯಲ್ಲ ಎಂದು ತೋರಿಸಲು ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮಧ್ಯ ಅಮೆರಿಕದ ಗ್ವಾಟೆಮಾಲಾದ ಮೂಲನಿವಾಸಿಗಳಾದ ಮಾಯಾ ಜನರು ಜಗತ್ತಿನ ಅತಿ ಕುಳ್ಳ ಜನರಲ್ಲಿ ಸೇರಿದವರು. ಅವರು ಹುಟ್ಟುಗುಣದಿಂದಲೇ ಕುಳ್ಳರು, ಅದು ಅವರ ರಕ್ತದಲ್ಲೇ ಇದೆ ಎಂದು ನಂಬಿದವರು ವಿದ್ವಾಂಸರಲ್ಲೂ ಇದ್ದರು. ಬ್ಯಾರಿ ಬೋಗಿನ್ ಎಂಬ ಮಾನವಶಾಸ್ತ್ರಜ್ಞರು ಗ್ವಾಟೆಮಾಲಾದ ಮಕ್ಕಳ ಬೆಳವಣಿಗೆಯನ್ನು 1970ರ ದಶಕದಿಂದಲೂ ಅಭ್ಯಾಸ ಮಾಡುತ್ತಿದ್ದರು. ಆ ಹೊತ್ತಿಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆದಿತ್ತು. 1980ರ ದಶಕದ ಹಿಂಸೆಯಲ್ಲಿ ಸಾವಿರಾರು ಮಾಯಾ ಕುಟುಂಬಗಳು ಊರು ಬಿಟ್ಟು ಅಮೆರಿಕ ಸಂಯುಕ್ತ ಸಂಸ್ಥಾನ ಸೇರಿದವು. ಕೆಲವರು ಫ್ಲಾರಿಡಾದ ಇಂಡಿಯನ್‌ಟೌನ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು, ಕೆಲವರು ಲಾಸ್ ಏಂಜಲೀಸಿನಲ್ಲಿ. ಅವರೇನೂ ಸಿರಿವಂತರಾಗಲಿಲ್ಲ, ಇದನ್ನು ಗಮನಿಸಿ. ಇಂಡಿಯನ್‌ಟೌನಿನವರಲ್ಲಿ ಅನೇಕರು ಪರರ ಹೊಲತೋಟಗಳಲ್ಲಿ ಕೂಲಿ ಮಾಡುವವರು. ಬದಲಾದದ್ದು ಇಷ್ಟೇ: ನಲ್ಲಿಯಲ್ಲಿ ಶುದ್ಧವಾದ ನೀರು ಬಂತು, ಮಕ್ಕಳಿಗೆ ಶಾಲೆಯಲ್ಲಿ ಊಟ ಸಿಕ್ಕಿತು, ಚುಚ್ಚುಮದ್ದು ಮತ್ತು ವೈದ್ಯಕೀಯ ನೆರವು ಕೈಗೆಟುಕಿತು.

ಬೋಗಿನ್ ಮತ್ತು ಅವರ ಸಂಗಡಿಗರು ಈ ಮಕ್ಕಳನ್ನು ಅಳೆದರು. ಅಳೆಯುವುದೆಂದರೆ ಗೋಡೆಗೆ ಒರಗಿಸಿ ಪೆನ್ಸಿಲಿನಲ್ಲಿ ಗೀರು ಎಳೆಯುವುದಲ್ಲ. ಮಗು ಬರಿಗಾಲಿನಲ್ಲಿ, ಹಿಮ್ಮಡಿ ಜೋಡಿಸಿ ನಿಲ್ಲಬೇಕು. ಕಣ್ಣಿನ ಕೆಳಗಿನ ಮೂಳೆಯ ಅಂಚು ಮತ್ತು ಕಿವಿಯ ರಂಧ್ರದ ಮೇಲಂಚು ಒಂದೇ ಮಟ್ಟದಲ್ಲಿರುವಂತೆ ತಲೆಯನ್ನು ಹಿಡಿಯಬೇಕು. ಆಮೇಲೆ ಸಮತಟ್ಟಾದ ಹಲಗೆಯನ್ನು ಕೂದಲು ಅಮರುವಷ್ಟು ನೆತ್ತಿಗೆ ಒತ್ತಬೇಕು. ಬೆಳಿಗ್ಗೆ ಅಳೆದ ವ್ಯಕ್ತಿ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಕುಗ್ಗಿರುತ್ತಾನೆ, ಏಕೆಂದರೆ ದಿನದ ಭಾರಕ್ಕೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅಮುಕಿರುತ್ತವೆ. ನನ್ನ ಕಿರಿಯ ಸಹೋದ್ಯೋಗಿಗಳಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಈಗ ನಿಮಗೂ ಹೇಳಿದಂತಾಯಿತು.

ಫಲಿತಾಂಶ ಏನಾಯಿತು? 1990ರ ದಶಕದ ಆರಂಭದಲ್ಲಿ ಅಳೆದಾಗ, ಅಮೆರಿಕದಲ್ಲಿ ಬೆಳೆಯುತ್ತಿದ್ದ ಮಾಯಾ ಮಕ್ಕಳು ಗ್ವಾಟೆಮಾಲಾದಲ್ಲೇ ಉಳಿದ ತಮ್ಮ ಓರಗೆಯ ಮಾಯಾ ಮಕ್ಕಳಿಗಿಂತ ಸರಾಸರಿ ಐದೂವರೆ ಸೆಂಟಿಮೀಟರ್ ಎತ್ತರವಿದ್ದರು. 2000ದ ಸುಮಾರಿಗೆ ಮತ್ತೆ ಅಳೆದಾಗ ಆ ಅಂತರ ಹನ್ನೊಂದು ಸೆಂಟಿಮೀಟರನ್ನು ದಾಟಿತ್ತು. ರಕ್ತ ಅದೇ, ವಂಶ ಅದೇ, ಅಜ್ಜ ಅಜ್ಜಿಯರೂ ಅವರೇ. ಇನ್ನೂ ಸೊಗಸಾದ ಸಂಗತಿಯೆಂದರೆ, ಕುಳಿತಾಗಿನ ಎತ್ತರವನ್ನು ಬೇರೆಯಾಗಿ ಅಳೆದು ನೋಡಿದಾಗ, ಆ ಹನ್ನೊಂದರಲ್ಲಿ ಸುಮಾರು ಏಳು ಸೆಂಟಿಮೀಟರ್ ಕಾಲುಗಳಿಗೇ ಸೇರಿತ್ತು. ಜಪಾನಿನಲ್ಲೂ ಹೀಗೆಯೇ ಆಯಿತು. ಅಲ್ಲಿ 1957ರಿಂದ 1977ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಜನ ಬೆಳೆದದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಕಾಲಿನಲ್ಲಿ ಎಂಬುದನ್ನು ಮಕ್ಕಳ ಬೆಳವಣಿಗೆಯ ಮಹಾತಜ್ಞ ಜೇಮ್ಸ್ ಟ್ಯಾನರ್ ತೋರಿಸಿಕೊಟ್ಟರು. ಎಳೆಯ ವಯಸ್ಸಿನಲ್ಲಿ ಮುಂಡಕ್ಕಿಂತ ಕಾಲುಗಳು ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಆ ವಯಸ್ಸಿನ ಹಸಿವು, ಕಾಯಿಲೆಗಳ ಏಟು ಬೀಳುವುದೂ ಕಾಲಿಗೇ, ಆ ಏಟು ತಪ್ಪಿದಾಗ ಉದ್ದವಾಗುವುದೂ ಕಾಲೇ. ಎತ್ತರ ಯಾವ ವಯಸ್ಸಿನಲ್ಲಿ ಕಳೆದುಹೋಯಿತು ಎಂಬುದರ ಗುರುತು ಕಾಲಿನ ಉದ್ದದಲ್ಲಿ ಸಿಗುತ್ತದೆ.

ಹಾಗಿದ್ದರೂ ಆ ಮಕ್ಕಳು ಅಮೆರಿಕದ ಇತರ ಮಕ್ಕಳ ಸರಾಸರಿಯನ್ನು ಮುಟ್ಟಲಿಲ್ಲ. ಏಕೆಂದರೆ ತಾಯಿ ತನ್ನ ಬಾಲ್ಯದಲ್ಲಿ ಸೊರಗಿದ್ದರೆ ಆಕೆಯ ಗರ್ಭದಲ್ಲಿ ಬೆಳೆಯುವ ಕೂಸಿಗೂ ಅದರ ಮಿತಿ ತಟ್ಟುತ್ತದೆ. ಎತ್ತರದ ಏರಿಕೆ ಒಂದೇ ತಲೆಮಾರಿನಲ್ಲಿ ಮುಗಿಯದೆ ನಾಲ್ಕೈದು ತಲೆಮಾರುಗಳನ್ನು ತೆಗೆದುಕೊಂಡದ್ದಕ್ಕೆ ಇದೂ ಒಂದು ಕಾರಣ.

ಈ ಪ್ರಸಂಗಕ್ಕೆ ನಾನು ಹೆಚ್ಚು ಸಮಯ ತೆಗೆದುಕೊಂಡೆನೆಂದು ಗಾಜಿನ ಆಚೆ ಕುಳಿತವರು ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ.

ಹಣ ಬಂದರೆ ಎತ್ತರ ತಾನಾಗಿ ಬರುತ್ತದೆ ಎಂದು ತಿಳಿಯಬೇಡಿ. 1830ರ ದಶಕದಿಂದ ಮುಂದೆ ಅಮೆರಿಕದಲ್ಲಿ ವರಮಾನ ಏರುತ್ತಿತ್ತು, ಆದರೆ ಆಗ ಹುಟ್ಟಿದವರ ಎತ್ತರ ಇಳಿಯಿತು. ನಗರಗಳು ಕಿಕ್ಕಿರಿದವು, ನೀರು ಕೆಟ್ಟಿತು, ಕಾಲುವೆ ಮತ್ತು ರೈಲುಗಳ ಮೂಲಕ ಸರಕಿನ ಜೊತೆಗೆ ರೋಗಗಳೂ ಊರಿಂದೂರಿಗೆ ಹೋದವು. ಇದಕ್ಕೆ ತದ್ವಿರುದ್ಧವಾಗಿ, ಟಿಮೊತಿ ಹ್ಯಾಟನ್ ಎಂಬ ಅರ್ಥಶಾಸ್ತ್ರಜ್ಞರು ಯೂರೋಪಿನ ಹದಿನೈದು ದೇಶಗಳ ದಾಖಲೆಗಳನ್ನು ನೋಡಿದಾಗ, ಉತ್ತರ ಮತ್ತು ಮಧ್ಯ ಯೂರೋಪಿನಲ್ಲಿ ಗಂಡಸರ ಎತ್ತರ ಅತಿ ವೇಗವಾಗಿ ಏರಿದ್ದು ಎರಡು ಮಹಾಯುದ್ಧಗಳನ್ನೂ ಒಂದು ಮಹಾ ಆರ್ಥಿಕ ಕುಸಿತವನ್ನೂ ಕಂಡ ಅವಧಿಯಲ್ಲೇ ಎಂದು ಗೊತ್ತಾಯಿತು. ಅದೇ ಅವಧಿಯಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುವ ಶಿಶುಗಳ ಸಂಖ್ಯೆ ರಭಸದಿಂದ ಇಳಿಯುತ್ತಿತ್ತು. ಚರಂಡಿ, ಕೊಳವೆ ನೀರು, ಚಿಕ್ಕ ಕುಟುಂಬ, ಕೈತೊಳೆಯುವ ತಾಯಂದಿರು. ಶಿಶುಗಳನ್ನು ಕೊಲ್ಲುತ್ತಿದ್ದ ರೋಗಗಳೇ ಬದುಕುಳಿದ ಶಿಶುಗಳನ್ನು ಕುಳ್ಳಾಗಿಸುತ್ತಿದ್ದವು. ಮತ್ತೆ ಅದೇ ಮಾತು: ಮೊದಲ ಎರಡು ವರ್ಷಗಳು.

ಹಳೆಯ ದಾಖಲೆಗಳನ್ನು ಓದುವವರಿಗೆ ಒಂದೇ ಒಂದು ಎಚ್ಚರಿಕೆ. ಇಚ್ಛೆಯಿಂದ ಸೇರುವ ಸೈನ್ಯಗಳು ಕನಿಷ್ಠ ಎತ್ತರವನ್ನು ಗೊತ್ತುಮಾಡಿ ಅದಕ್ಕಿಂತ ಕುಳ್ಳರನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸುತ್ತಿದ್ದವು. ಅಂಥ ದಾಖಲೆಯ ಸರಾಸರಿ ಸುಳ್ಳು ಹೇಳುತ್ತದೆ. ಯಾವ ಎತ್ತರದವರು ಎಷ್ಟು ಮಂದಿ ಎಂದು ರೇಖಾಚಿತ್ರ ಬರೆದರೆ, ಕುಳ್ಳರಿರಬೇಕಾದ ಎಡಗಡೆಯನ್ನು ಕತ್ತಿಯಿಂದ ಕಡಿದಂತೆ ಕಾಣುತ್ತದೆ, ಅಲ್ಲೇ ಗುಟ್ಟು ರಟ್ಟಾಗುತ್ತದೆ. ಡಚ್ಚರ ದಾಖಲೆಯನ್ನು ನಾನು ಆರಿಸಿಕೊಂಡದ್ದು ಅಲ್ಲಿ ಕುಳ್ಳರನ್ನೂ ಅಳೆದು ಬರೆದುಕೊಳ್ಳುತ್ತಿದ್ದುದರಿಂದ.

ಈ ಏರಿಕೆಗೆ ಕೊನೆಯಿದೆಯೇ ಎಂದರೆ, ಇದೆ. ಕಾಯಿಲೆ ಮತ್ತು ಹಸಿವು ಕಸಿದುಕೊಂಡದ್ದನ್ನು ಮರಳಿ ಪಡೆದ ಮೇಲೆ ಪಡೆಯಲು ಮತ್ತೇನೂ ಉಳಿದಿರುವುದಿಲ್ಲ. ನೆದರ್‌ಲ್ಯಾಂಡ್ಸಿನ ಅಂಕಿಅಂಶ ಇಲಾಖೆ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2001ರಲ್ಲಿ ಹುಟ್ಟಿದ ಗಂಡಸರ ಸರಾಸರಿ ಎತ್ತರ 182.9 ಸೆಂಟಿಮೀಟರ್. 1980ರಲ್ಲಿ ಹುಟ್ಟಿದವರಿಗಿಂತ ಅದು ಒಂದು ಸೆಂಟಿಮೀಟರ್ ಕಡಿಮೆ. ವಲಸೆ ಬಂದವರಿಂದ ಹೀಗಾಯಿತು ಎಂದು ಕೆಲವರು ಕೂಡಲೇ ಹೇಳಿದರು. ಅದರ ಪಾಲೂ ಇದೆ, ಆದರೆ ತಂದೆತಾಯಿ, ಅಜ್ಜ ಅಜ್ಜಿಯರೆಲ್ಲ ಅಲ್ಲಿಯೇ ಹುಟ್ಟಿದ ಮನೆತನಗಳಲ್ಲೂ ಗಂಡಸರ ಏರಿಕೆ ನಿಂತಿದೆ, ಹೆಂಗಸರ ಎತ್ತರ ತುಸು ಇಳಿದಿದೆ.

ನಮಸ್ಕಾರ.